ಅಂಗೈಗೆ ಹತ್ತಿದ ಕಪ್ಪು

ಇಪ್ಪತ್ಮೂರನೇ ವಯಸ್ಸಿಗೆ ನನ್ನ ತಲೆ ಅರ್ಧ ನೆರೆತುಹೋಗಿತ್ತು. ಈಗ ಇದನ್ನು ಒಂದೇ ಸಾಲಿನಲ್ಲಿ ಬರೆದುಬಿಟ್ಟೆ. ಎಪ್ಪತ್ತರ ದಶಕದ ನಡುವೆ ಹೊಸದುರ್ಗದ ನಮ್ಮ ಮನೆಯಲ್ಲಿ ಈ ಮಾತನ್ನು ಬಾಯಿಬಿಟ್ಟು ಆಡುವ ಧೈರ್ಯ ಯಾರಿಗೂ ಇರಲಿಲ್ಲ. ಅವ್ವ 'ಅದು' ಅನ್ನುತ್ತಿದ್ದಳು. 'ಅದು ಕಾಣ್ತೈತೆ, ಸೆರಗು ಎಳ್ಕ' ಅನ್ನುತ್ತಿದ್ದಳು. ಏನೋ ಕದ್ದ ಮಾಲನ್ನು ತಲೆಯ ಮೇಲೆ ಹೊತ್ತುಕೊಂಡಿದ್ದೇನೆ ಅನ್ನುವ ಹಾಗೆ.

ಮೊದಲನೆಯ ಬಿಳಿ ಕೂದಲು ಸಿಕ್ಕಿದ್ದು ಚಿತ್ರದುರ್ಗದಲ್ಲಿ, ಶಿಕ್ಷಕಿಯರ ತರಬೇತಿಗೆ ಸೇರಿದ್ದಾಗ. ಹಾಸ್ಟೆಲಿನಲ್ಲಿ ಜಡೆ ಹಾಕುತ್ತಿದ್ದ ಗೆಳತಿ ಅದನ್ನು ಕಿತ್ತು ನನ್ನ ಕೈಗೆ ಕೊಟ್ಟು ನಕ್ಕಳು. ನಾನೂ ನಕ್ಕೆ. ತಿಂಗಳೊಪ್ಪತ್ತಿನಲ್ಲಿ ಕಿತ್ತು ಮುಗಿಯದಷ್ಟು ಸಿಗತೊಡಗಿದಾಗ ನಗು ನಿಂತಿತು. ಒಂದು ಕಿತ್ತರೆ ಹತ್ತು ಬರುತ್ತವೆ ಎಂದು ಎಲ್ಲರೂ ಹೆದರಿಸಿದರು. ಅದು ಸುಳ್ಳು, ಒಂದು ಕಿತ್ತರೆ ಅದೇ ಒಂದು ಬರುತ್ತದೆ. ಉಳಿದ ಒಂಬತ್ತು ನಾವು ಕೀಳದಿದ್ದರೂ ಬರುವವೇ. ತರಬೇತಿ ಮುಗಿದು ಬಾಗೂರಿನ ಶಾಲೆಗೆ ಕೆಲಸಕ್ಕೆ ಸೇರುವ ಹೊತ್ತಿಗೆ ಬೈತಲೆಯ ಎರಡೂ ಕಡೆ, ಕಿವಿಯ ಮೇಲೆ, ಹಣೆಯ ಅಂಚಿನಲ್ಲಿ ಕಪ್ಪಿಗಿಂತ ಬಿಳಿಯೇ ಹೆಚ್ಚಾಗಿತ್ತು. ಮುಖ ಮಾತ್ರ ಹಾಗೆಯೇ ಇತ್ತು, ಗಲ್ಲದ ಮೇಲೆ ಮೊಡವೆ ಸಹಿತ. ಕನ್ನಡಿಯಲ್ಲಿ ನೋಡಿಕೊಂಡರೆ ಯಾರದೋ ತಲೆಯನ್ನು ನನ್ನ ಮುಖಕ್ಕೆ ಕೂರಿಸಿದ್ದಾರೆ ಅನ್ನಿಸುತ್ತಿತ್ತು.

ಅವ್ವ ಮೊದಲು ತನಗೆ ತಿಳಿದ ಔಷಧವನ್ನೆಲ್ಲ ಮಾಡಿದಳು. ಗರುಗದ ಸೊಪ್ಪು, ನೆಲ್ಲಿಕಾಯಿ, ಕರಿಬೇವು ಅರೆದು ಕೊಬ್ಬರಿ ಎಣ್ಣೆಗೆ ಹಾಕಿ ಕುದಿಸಿ ಸೋಸಿದಳು. ಆರು ತಿಂಗಳು ಹಚ್ಚಿದೆ. ಕೂದಲು ನುಣುಪಾಯಿತು, ಬಿಳಿ ಬಿಳಿಯಾಗಿಯೇ ಉಳಿಯಿತು. ಆಮೇಲೆ ಗೋರಂಟಿ. ಎಲೆ ಅರೆದು ಟೀ ಡಿಕಾಕ್ಷನ್ ಬೆರೆಸಿ ಕಬ್ಬಿಣದ ಬಾಣಲೆಯಲ್ಲಿ ಒಂದು ದಿನ ನೆನೆಹಾಕಿದರೆ ಕಪ್ಪಾಗುತ್ತದೆಂದು ಯಾರೋ ಹೇಳಿದ್ದರು. ಮೂರು ಗಂಟೆ ಹಚ್ಚಿಕೊಂಡು ಕೂತು ತೊಳೆದೆ. ಕಪ್ಪು ಕೂದಲಿಗೆ ಏನೂ ಆಗಿರಲಿಲ್ಲ. ಬಿಳಿಯದ್ದೆಲ್ಲ ಕಿತ್ತಳೆ ಬಣ್ಣಕ್ಕೆ ತಿರುಗಿತ್ತು. ಮೊದಲು ಹತ್ತಿರ ಬಂದವರಿಗೆ ಮಾತ್ರ ಕಾಣುತ್ತಿದ್ದದ್ದು ಈಗ ಬಸ್‌ಸ್ಟ್ಯಾಂಡಿನ ಆ ಕಡೆಯಿಂದಲೇ ಕಾಣುತ್ತಿತ್ತು. ಒಂದು ವಾರ ಶಾಲೆಗೆ ತಲೆಗೆ ಸೆರಗು ಹೊದ್ದು ಹೋದೆ. ಹೆಡ್‌ಮಾಸ್ತರರು ಹುಷಾರಿಲ್ಲವೇ ಎಂದು ಕೇಳಿದರು. ಹೌದು, ನೆಗಡಿ ಎಂದೆ.

ಹೀಗಿರುವಾಗ ಹಿರಿಯೂರಿನಿಂದ ಒಂದು ಸಂಬಂಧ ಬಂತು. ಹುಡುಗ ಸರ್ಕಾರಿ ಕಚೇರಿಯಲ್ಲಿ ಗುಮಾಸ್ತ, ಇಪ್ಪತ್ತೊಂಬತ್ತು ವರ್ಷ, ತಂದೆತಾಯಿ ಇಲ್ಲ, ಸಾಕಿದ ಅಜ್ಜಿ ಒಬ್ಬಳೇ. ನನಗೂ ತಂದೆ ಇರಲಿಲ್ಲ. ನಾನು ಹತ್ತು ವರ್ಷದವಳಿದ್ದಾಗಲೇ ಹೋಗಿದ್ದರು. ಮದುವೆಯ ಮಾತುಕತೆಗೆಲ್ಲ ಚಿತ್ರದುರ್ಗದ ಸೋದರಮಾವನೇ ಮುಂದು. ಹುಡುಗ ಕೆಲ ವರ್ಷ ಆಂಧ್ರದ ಕಡೆ ಇದ್ದು ಬಂದವನಂತೆ, ಒಳ್ಳೆಯವನಂತೆ, ಬೀಡಿ ಸೇದುವುದಿಲ್ಲವಂತೆ ಎಂದು ವಿಚಾರಿಸಿಕೊಂಡು ಬಂದ ಮಾವ ಜೊತೆಗೆ ಕಾಗದದ ಒಂದು ಪೊಟ್ಟಣವನ್ನೂ ತಂದಿದ್ದ. ಮಾವನ ಮೀಸೆ ಐವತ್ತೈದಕ್ಕೂ ಯಾಕೆ ಅಷ್ಟು ಕಪ್ಪಗಿದೆ ಎಂದು ನನಗೆ ಅವತ್ತು ತಿಳಿಯಿತು.

ಅದು ಕಪ್ಪು ಬಣ್ಣದ ಪುಡಿ. ನೀರಿನಲ್ಲಿ ಕಲಸಿ ಹಚ್ಚುವುದು. ಪಿಂಗಾಣಿ ಅಥವಾ ಗಾಜಿನ ಪಾತ್ರೆಯಲ್ಲೇ ಕಲಸಬೇಕು, ಲೋಹ ಕೂಡದು ಎಂದು ಪೊಟ್ಟಣದ ಮೇಲೆ ಇಂಗ್ಲಿಷಿನಲ್ಲಿ ಬರೆದಿತ್ತು. ನಮ್ಮ ಮನೆಯಲ್ಲಿದ್ದ ಪಿಂಗಾಣಿ ಒಂದೇ, ಉಪ್ಪಿನಕಾಯಿಯ ಭರಣಿ. ಅದರ ಮುಚ್ಚಳದಲ್ಲಿ ಕಲಸಿದೆವು. ಇನ್ನೂ ಸಣ್ಣಕ್ಷರದಲ್ಲಿ ಮತ್ತೊಂದು ಮಾತಿತ್ತು. ಹಚ್ಚುವ ಎರಡು ದಿನ ಮೊದಲು ಕಿವಿಯ ಹಿಂದೆ ಒಂದು ಚುಕ್ಕೆ ಹಚ್ಚಿ ನೋಡಿ, ತುರಿಸಿದರೆ ಬಳಸಬೇಡಿ ಎಂದು. ಓದಿದವಳು ನಾನೇ. ಮಾವ ಹದಿನೈದು ವರ್ಷದಿಂದ ಮೀಸೆಗೆ ಹಚ್ಚುತ್ತಿದ್ದಾನಲ್ಲ, ಅವನಿಗೇನೂ ಆಗಿಲ್ಲವಲ್ಲ ಎಂದು ಬಿಟ್ಟುಬಿಟ್ಟೆ. ಮಾವನ ಚರ್ಮ ಬೇರೆ, ನನ್ನ ಚರ್ಮ ಬೇರೆ ಅನ್ನುವುದು ಮೇಷ್ಟ್ರ ಕೆಲಸ ಮಾಡುವವಳ ತಲೆಗೂ ಹೊಳೆಯಲಿಲ್ಲ.

ಮೊದಲ ಸಲ ಹಚ್ಚಿದ್ದು ಹುಡುಗನ ಕಡೆಯವರು ಬರುವ ದಿನ ಬೆಳಿಗ್ಗೆಯೇ. ಹಿಂದಿನ ದಿನವೇ ಮಾಡಬೇಕಿತ್ತು, ಅವತ್ತು ಅಮಾವಾಸ್ಯೆ ಎಂದು ಅವ್ವ ಒಪ್ಪಲಿಲ್ಲ. ಚರ್ಮಕ್ಕೆ ಕಲೆಯಾಗದಿರಲಿ ಎಂದು ಹಣೆಗೆ, ಕಿವಿಗೆ, ಕತ್ತಿಗೆ ಎಣ್ಣೆ ಸವರಿ, ಹಳೆಯ ಹಲ್ಲುಜ್ಜುವ ಬ್ರಷ್‌ನಿಂದ ಅವ್ವ ಎಳೆ ಎಳೆಯನ್ನೂ ಬಿಡಿಸಿ ಹಚ್ಚಿದಳು. ಮುಕ್ಕಾಲು ಗಂಟೆ ಗೋಡೆಗೂ ತಲೆ ತಾಗಿಸದೆ ಕೂತೆ. ಆಮೇಲೆ ತೊಳೆಯುವ ಕೆಲಸ. ನೀರು ತಿಳಿಯಾಗಿ ಬೀಳುವವರೆಗೆ ತೊಳೆಯಬೇಕು. ನಮಗೆ ಇದ್ದದ್ದು ಎರಡು ಬಿಂದಿಗೆ ನೀರು, ನಲ್ಲಿಯ ಸರದಿ ಮರುದಿನಕ್ಕೆ. ನೀರು ಇನ್ನೂ ಬೂದು ಬಣ್ಣಕ್ಕೆ ಬೀಳುತ್ತಿರುವಾಗಲೇ ಬಿಂದಿಗೆ ಖಾಲಿಯಾಯಿತು. ಒರೆಸಿ ಆರಿಸಿದೆವು. ಕೂದಲಿನಿಂದ ಔಷಧಿಯಂಥ ವಾಸನೆ ಹೊಡೆಯುತ್ತಿತ್ತು. ಅದು ಹೋಗಲಿ, ಹೊಳಪೂ ಬರಲಿ ಎಂದು ಅವ್ವ ಕೈತುಂಬ ಕೊಬ್ಬರಿ ಎಣ್ಣೆ ಬಿಸಿಮಾಡಿ ಹಾಕಿ ತಿಕ್ಕಿ ಜಡೆ ಹೆಣೆದು ಮಲ್ಲಿಗೆ ಮುಡಿಸಿದಳು. ಕನ್ನಡಿಯಲ್ಲಿ ನೋಡಿಕೊಂಡೆ. ಸುಳ್ಳು ಯಾಕೆ ಹೇಳಲಿ, ನನಗೆ ಅಳು ಬರುವಷ್ಟು ಖುಷಿಯಾಯಿತು. ಕಳೆದುಹೋಗಿದ್ದ ನಾನು ವಾಪಸು ಬಂದಿದ್ದೆ.

ಹುಡುಗ ಮಾತು ಕಡಿಮೆಯವನು. ಕೂದಲು ಮಾತ್ರ ದಟ್ಟ, ಕಾಡಿಗೆ ಕಪ್ಪು, ನನಗೆ ಹೊಟ್ಟೆಕಿಚ್ಚಾಗುವಷ್ಟು. ಉಪ್ಪಿಟ್ಟು ಕಾಫಿ ಆದಮೇಲೆ ಅವನ ಅಜ್ಜಿ ನನ್ನನ್ನು ಒಳಗಿನ ಕೋಣೆಗೆ ಕರೆದುಕೊಂಡು ಹೋದಳು. ನಮ್ಮ ಕಡೆ ಇದೊಂದು ಪದ್ಧತಿ. ಹೆಣ್ಣು ನೋಡಲು ಬಂದ ಹಿರಿಯ ಹೆಂಗಸು ಹೂವು ಮುಡಿಸುವ ನೆಪದಲ್ಲಿ ಹುಡುಗಿಯ ಜಡೆ ಬಿಚ್ಚಿ ನೋಡುತ್ತಾಳೆ. ಚೌರಿ ಸೇರಿಸಿ ಉದ್ದ ಮಾಡಿದ್ದಾರೋ, ಹೇನಿದೆಯೋ, ನೆತ್ತಿ ಬೋಳಾಗಿದೆಯೋ ಎಂದು. ಅವ್ವನಿಗೆ ಈ ಪದ್ಧತಿ ಗೊತ್ತಿತ್ತು, ನನ್ನ ಜಡೆ ಮೊಳದುದ್ದ ಸ್ವಂತದ್ದೇ ಆದ್ದರಿಂದ ಹೆದರಿರಲಿಲ್ಲ. ಕಣ್ಣಿಗೆ ಕಾಣುವುದನ್ನು ಮುಚ್ಚಿದ್ದೆವು. ಕೈಗೆ ಹತ್ತುವುದರ ಯೋಚನೆ ನಮಗೆ ಬಂದಿರಲಿಲ್ಲ.

ಅಜ್ಜಿ ಮಂಚದ ಮೇಲೆ, ನಾನು ಕೆಳಗೆ ಅವಳ ಕಾಲ ಬಳಿ. ಜಡೆ ಬಿಚ್ಚಿದಳು, ಬುಡದಿಂದ ತುದಿಯವರೆಗೆ ಎರಡೂ ಅಂಗೈಯಲ್ಲಿ ಹಿಡಿದು ಸವರಿದಳು. ಅವ್ವ ಕುಂಕುಮದ ಬಟ್ಟಲು ತರಲು ಹೋಗಿದ್ದಳು. ಮಲ್ಲಿಗೆ ಎತ್ತಿಕೊಳ್ಳಲು ಅಜ್ಜಿ ನನ್ನ ಹೆಗಲ ಮೇಲಿಂದ ಕೈ ಮುಂದೆ ಚಾಚಿದಳು. ಅಂಗೈ ತುಂಬ ಕಪ್ಪು. ಬೆರಳ ಗೆರೆಗಳಲ್ಲೆಲ್ಲ ಎಣ್ಣೆಯಲ್ಲಿ ಕಲಸಿದ ಮಸಿಯ ಹಾಗೆ ಕಪ್ಪು. ಆ ಕೈ ನನ್ನ ಕಣ್ಣೆದುರು ಒಂದು ಗಳಿಗೆ ಹಾಗೇ ನಿಂತಿತು. ಅವಳೂ ನೋಡುತ್ತಿದ್ದಳು. ಈಗ ಬಯ್ಯುತ್ತಾಳೆ, ಈಗ ಎದ್ದು ಹೊರಗೆ ಹೋಗಿ ಕೂಗುತ್ತಾಳೆ ಎಂದು ಕಾಯುತ್ತ ಕೂತೆ. ಅವಳು ಕೈಯನ್ನು ಸೀರೆಯ ಒಳಮಡಿಕೆಗೆ ಒರೆಸಿಕೊಂಡು, ಜಡೆ ಹೆಣೆದು, ಹೂವು ಮುಡಿಸಿ, ಹೊರಗೆ ಬಂದು ಎಲ್ಲರ ಎದುರು, "ಹುಡುಗಿ ನಮಗೆ ಒಪ್ಪಿಗೆ ಐತೆ. ದಿನ ನೋಡ್ರಿ" ಎಂದಳು.

ಬಯ್ದಿದ್ದರೆ ಅಷ್ಟು ಬೆಚ್ಚುತ್ತಿರಲಿಲ್ಲ. ಅವರು ಹೋದ ಮೇಲೆ ಅವ್ವನಿಗೆ ಹೇಳಿದೆ. ಮುದುಕಿಗೆ ಕಣ್ಣು ಮಂಜು, ಕಾಡಿಗೆ ಅಂದುಕೊಂಡಿರುತ್ತಾಳೆ, ದೇವರು ದೊಡ್ಡವನು ಅಂದಳು ಅವ್ವ. ಮಾವನೂ ಅದನ್ನೇ ಅಂದ. ನನಗೂ ಅದನ್ನೇ ನಂಬಬೇಕಿತ್ತು, ನಂಬಿದೆ. ಮದುವೆ ಮೂರು ತಿಂಗಳಿಗೆ ನಿಶ್ಚಯವಾಯಿತು.

ಬಣ್ಣ ಹಚ್ಚುವುದು ಅಂದರೆ ಒಂದು ಸಲ ಹಚ್ಚಿದರೆ ಮುಗಿಯಿತು ಎಂದುಕೊಂಡಿದ್ದವಳು ನಾನು. ಕೂದಲು ತಿಂಗಳಿಗೆ ಅರ್ಧ ಅಂಗುಲ ಬೆಳೆಯುತ್ತದೆ, ಬೆಳೆದದ್ದು ಬುಡದಿಂದ ಬಿಳಿಯಾಗಿಯೇ ಬರುತ್ತದೆ. ಎರಡು ವಾರ ಆಗುವುದರೊಳಗೆ ಬೈತಲೆಯಲ್ಲಿ ಸುಣ್ಣದ ಗೆರೆ ಎಳೆದ ಹಾಗೆ ಕಾಣುತ್ತಿತ್ತು. ಕಪ್ಪಿನ ನಡುವೆ ಆ ಗೆರೆ ಮೊದಲಿನ ಬಿಳಿಗಿಂತ ಅಸಹ್ಯ. ಮೂರು ವಾರಕ್ಕೊಂದು ಭಾನುವಾರ ಅದಕ್ಕೇ ಮೀಸಲು. ಬಾಗಿಲು ಹಾಕಿಕೊಂಡು, ಹಳೆಯ ಸೀರೆ ಉಟ್ಟು, ಯಾರಾದರೂ ಬಂದರೆ ಮೈಲಿಗೆ ಎಂದು ಒಳಗಿನಿಂದಲೇ ಹೇಳಿ ಕಳಿಸಿ. ಅವ್ವನ ಉಗುರು ಕಪ್ಪು, ನನ್ನ ದಿಂಬಿನ ಬಟ್ಟೆ ಕಪ್ಪು, ಕಿವಿಯ ಹಿಂದಿನ ಕಲೆಗೆ ನಿಂಬೆಹಣ್ಣು ಹಾಕಿ ತಿಕ್ಕಿ ತಿಕ್ಕಿ ಚರ್ಮವೇ ಕೆಂಪು. ಬಾಗೂರಿನ ಬಿಸಿಲಿಗೆ ಹಳೆಯ ಬಣ್ಣ ಕೆಂಪಗೆ ತಿರುಗುತ್ತಿತ್ತು. ಮಳೆ ಬಂದರೆ ಎಲ್ಲರೂ ತಲೆ ಒದ್ದೆಯಾಗುತ್ತದೆಂದು ಓಡುತ್ತಿದ್ದರು, ನಾನು ಬಿಳಿ ರವಿಕೆಗೆ ಕಪ್ಪು ಇಳಿಯುತ್ತದೆಂದು ಓಡುತ್ತಿದ್ದೆ. ಇಷ್ಟಾದರೂ ಬಿಡುವ ಮನಸ್ಸಿರಲಿಲ್ಲ. ಕಪ್ಪು ತಲೆಯಲ್ಲಿ ನಾನು ಗಟ್ಟಿಯಾಗಿ ನಗುತ್ತಿದ್ದೆ, ತರಗತಿಯಲ್ಲಿ ಬೋರ್ಡಿನ ಕಡೆ ತಿರುಗಿದಾಗ ಬೆನ್ನ ಹಿಂದೆ ಏನು ಕಾಣುತ್ತಿದೆಯೋ ಎಂಬ ಅಳುಕು ಇರುತ್ತಿರಲಿಲ್ಲ. ರೂಪಕ್ಕಿಂತ ದೊಡ್ಡದು ಅದು. ಅದನ್ನು ಕೊಟ್ಟದ್ದು ಆ ಪುಡಿ ಎಂಬ ಮಾತನ್ನು ಇವತ್ತೂ ಅಲ್ಲಗಳೆಯಲಾರೆ.

ನಾಲ್ಕನೆಯ ಸಲ ಹಚ್ಚಿ ಹತ್ತು ನಿಮಿಷವಾಗಿರಬೇಕು, ನೆತ್ತಿ ಉರಿಯತೊಡಗಿತು. ತಾಳಿಕೋ, ಬಣ್ಣ ಹಿಡಿಯಲಿ ಎಂದಳು ಅವ್ವ. ಇನ್ನೂ ಸ್ವಲ್ಪ ಹೊತ್ತು ತಾಳಿಕೊಂಡೆ. ಆಮೇಲೆ ಎದ್ದು ಹೋಗಿ ತಲೆಯ ಮೇಲೆ ನೀರು ಸುರಿದುಕೊಂಡೆ. ಮರುದಿನ ಬೆಳಿಗ್ಗೆ ಎದ್ದರೆ ಕಣ್ಣು ತೆರೆಯಲು ಆಗುತ್ತಿಲ್ಲ. ಕತ್ತಲೆ ಎಂದುಕೊಂಡೆ. ಮುಟ್ಟಿ ನೋಡಿದರೆ ರೆಪ್ಪೆಗಳು ಊದಿ ಒಂದಕ್ಕೊಂದು ಮೆತ್ತಿಕೊಂಡಿದ್ದವು. ಹಣೆ ಬಾತು ಹುಬ್ಬಿನ ಮೇಲೆ ಇಳಿದಿತ್ತು. ಕಿವಿಯ ಅಂಚಿನಲ್ಲಿ, ಕತ್ತಿನ ಹಿಂದೆ ನೀರು ತುಂಬಿದ ಗುಳ್ಳೆ, ಒಡೆದಲ್ಲಿ ಅಂಟು ಅಂಟು. ಅವ್ವ ನನ್ನ ಮುಖ ನೋಡಿದವಳೇ ಕೈಯಲ್ಲಿದ್ದ ಚೊಂಬು ಬಿಟ್ಟಳು. ಆ ಸದ್ದಿನಿಂದಲೇ ನನಗೆ ನನ್ನ ಮುಖ ಹೇಗಾಗಿದೆ ಎಂದು ತಿಳಿಯಿತು.

ಆಸ್ಪತ್ರೆಯಲ್ಲಿ ಡಾಕ್ಟರು ಏನು ಹಚ್ಚಿದ್ದೆ ಎಂದು ಕೇಳಿದರು. ಅವ್ವ ಏನೂ ಇಲ್ಲ ಎಂದಳು. ಡಾಕ್ಟರು ನನ್ನ ಕಪ್ಪಾದ ಕಿವಿಯನ್ನು ಹಿಡಿದು ಹಾಗಾದರೆ ಇದೇನು ಎಂದಾಗ ನಾನೇ ಪುಡಿಯ ವಿಷಯ ಹೇಳಿದೆ. ಮಾತ್ರೆ, ಹಚ್ಚಲು ಗುಲಾಬಿ ಬಣ್ಣದ ಲೋಷನ್, ಒಂದು ಸೂಜಿ ಕೊಟ್ಟರು. ಮೂರು ಸಲ ಏನೂ ಆಗಿರಲಿಲ್ಲವಲ್ಲ ಎಂದು ಕೇಳಿದೆ. ಇದು ಹಾಗೆಯೇ, ಮೈ ಮೊದಲು ಸುಮ್ಮನಿರುತ್ತದೆ, ಒಂದು ದಿನ ತಿರುಗಿ ಬೀಳುತ್ತದೆ, ಒಮ್ಮೆ ತಿರುಗಿ ಬಿದ್ದ ಮೇಲೆ ರಾಜಿಯಾಗುವುದಿಲ್ಲ ಎಂದರು. ಮುಂದಿನ ಸಲ ಇದಕ್ಕಿಂತ ಜೋರಾಗಿ ಬರಬಹುದು, ಉಸಿರಿಗೇ ತೊಂದರೆಯಾಗಬಹುದು. ತಲೆ ನೆರೆಯಲು ಕಾರಣವೇನಿರಬಹುದೆಂದು ಕೆಳರೆಪ್ಪೆ ಎಳೆದು ರಕ್ತ ಕಡಿಮೆಯಿದೆಯೇ ನೋಡಿದರು, ಕತ್ತು ಮುಟ್ಟಿ ಗಂಟಲ ಬಾವು ನೋಡಿದರು, ಏನೂ ಇರಲಿಲ್ಲ. ಮನೆಯಲ್ಲಿ ಯಾರಿಗಾದರೂ ಹೀಗೆ ಬೇಗ ನೆರೆತಿತ್ತೇ ಎಂದು ಕೇಳಿದಾಗ ಅವ್ವ, ಇವರಪ್ಪನ ಅಕ್ಕನಿಗೆ ಎಂದಳು. ಆ ಅತ್ತೆಯನ್ನು ನಾನು ನೋಡಿದ್ದೇ ಇಲ್ಲ.

"ಹಂಗಾದ್ರೆ ಇದು ವಂಶದ್ದು ಕಣಮ್ಮ, ರೋಗ ಅಲ್ಲ. ಔಷಧಿ ಇಲ್ಲ. ಇನ್ನು ಆ ಪುಡಿ ಮಾತ್ರ ಮನೆ ಒಳಗೆ ಸೇರಿಸ್ಬೇಡಿ" ಎಂದರು ಡಾಕ್ಟರು.

ಮದುವೆಗೆ ಇನ್ನು ಮೂರು ವಾರವಿತ್ತು. ಬಾವು ಇಳಿಯಲು ಹತ್ತು ದಿನ ಹಿಡಿಯಿತು. ಅಷ್ಟರಲ್ಲಿ ಬೈತಲೆಯಲ್ಲಿ ಬಿಳಿ ಚೆನ್ನಾಗಿಯೇ ಎದ್ದಿತ್ತು, ಅದರ ಕೆಳಗೆ ಕೆಂಪು, ಅದರ ಕೆಳಗೆ ಕಪ್ಪು. ಅವ್ವ ಉಪಾಯದ ಮೇಲೆ ಉಪಾಯ ಹೇಳಿದಳು. ಧಾರೆಯ ದಿನ ದಂಡೆ, ಬಾಸಿಂಗ, ಸೆರಗು ಎಲ್ಲ ಇರುತ್ತದೆ, ಯಾರಿಗೆ ಕಾಣುತ್ತದೆ. ಬುಡಕ್ಕೆ ಕಾಡಿಗೆ ತೀಡೋಣ. ಮದುವೆಯಾಗಿ ತಿಂಗಳ ಮೇಲೆ, ಹೊಸ ಊರಿನ ನೀರಿಗೆ ಹೀಗಾಯಿತು ಎಂದುಬಿಡು. ಮಾವ ಒಂದು ಹೆಜ್ಜೆ ಮುಂದೆ ಹೋಗಿ ಬೇರೆ ಜಾತಿಯ ಬಣ್ಣ, ಎರಡು ಸೀಸೆಯದ್ದು, ತರುತ್ತೇನೆ ಎಂದ. ನನಗೆ ರೇಗಿಹೋಯಿತು. ಕುತ್ತಿಗೆಯ ಗುಳ್ಳೆಯ ಹೊಪ್ಪಳೆ ಇನ್ನೂ ಉದುರಿರಲಿಲ್ಲ.

ಹೇಳಿಬಿಡಬೇಕು ಎಂದು ಆ ಗಳಿಗೆಯಲ್ಲೇ ತೀರ್ಮಾನ ಮಾಡಿದೆ. ಒಳ್ಳೆಯತನದಿಂದಲ್ಲ, ಹೆದರಿಕೆಯಿಂದ. ಜೀವನಪೂರ್ತಿ ಮೂರು ವಾರಕ್ಕೊಮ್ಮೆ ಸಾಯುವ ಧೈರ್ಯ ನನಗಿರಲಿಲ್ಲ. ಶನಿವಾರ ರಜೆ ಹಾಕಿ, ಅವ್ವನಿಗೆ ಶಾಲೆಗೆ ಎಂದು ಹೇಳಿ ಹಿರಿಯೂರಿನ ಬಸ್ಸು ಹತ್ತಿದೆ. ತಲೆಗೆ ಸೆರಗು ಹಾಕಲಿಲ್ಲ. ಚೀಲದಲ್ಲಿ ಎಸ್ಸೆಸ್ಸೆಲ್ಸಿ ಅಂಕಪಟ್ಟಿ ಇಟ್ಟುಕೊಂಡೆ, ಅದರಲ್ಲಿ ಹುಟ್ಟಿದ ತಾರೀಖಿತ್ತು. ಬಿಳಿ ತಲೆ ನೋಡಿ ವಯಸ್ಸು ಸುಳ್ಳು ಹೇಳಿದ್ದಾರೆ ಎಂದು ಅವರು ಅಂದುಕೊಂಡರೆ ತೋರಿಸಲು. ಬಸ್ಸಿನಲ್ಲಿ ನಲವತ್ತು ದಾಟಿದ ಗಂಡಸೊಬ್ಬ ನನ್ನ ಬೈತಲೆಯ ಬಿಳಿಯನ್ನು ಹಿಂದಿನಿಂದ ನೋಡಿ, "ಬರ್ರಿ ದೊಡ್ಡಮ್ಮ, ಕುಂತ್ಕಳ್ರಿ" ಎಂದು ಸೀಟು ಬಿಟ್ಟ. ನಾನು ತಿರುಗಿದೆ. ನನ್ನ ಮುಖ ನೋಡಿ ಅವನೇ ಹೌಹಾರಿ ಮುಂದೆ ಸರಿದುಹೋದ. ಸೀಟು ಮಾತ್ರ ಬಿಡಲಿಲ್ಲ ನಾನು, ಕೂತೆ.

ಅಜ್ಜಿ ಪಡಸಾಲೆಯಲ್ಲಿ ಕಡಲೆಕಾಯಿ ಸುಲಿಯುತ್ತಿದ್ದಳು. ಹುಡುಗ ಕಚೇರಿಗೆ ಹೋಗಿದ್ದ, ಶನಿವಾರ ಮಧ್ಯಾಹ್ನ ಬರುತ್ತಾನೆ ಎಂದಳು. ನನ್ನ ತಲೆಯ ಮೇಲೆ ಅವಳ ಕಣ್ಣು ಹೋಯಿತು, ಆದರೆ ಅವಳ ಮುಖದಲ್ಲಿ ಯಾವ ಬದಲಾವಣೆಯೂ ಆಗಲಿಲ್ಲ. ನಾನು ದಾರಿಯುದ್ದಕ್ಕೂ ಬಾಯಿಪಾಠ ಮಾಡಿಕೊಂಡು ಬಂದಿದ್ದನ್ನೆಲ್ಲ ಒಂದೇ ಉಸಿರಿಗೆ ಹೇಳಿದೆ. ನೆರೆತದ್ದು, ಪುಡಿ ಹಚ್ಚಿದ್ದು, ಮುಖ ಊದಿದ್ದು, ಇನ್ನು ಹಚ್ಚಲಾಗುವುದಿಲ್ಲ ಅನ್ನುವುದು. ಅವಳು ಸುಲಿದ ಕಾಳನ್ನು ಮೊರಕ್ಕೆ ಹಾಕುತ್ತ ಕೇಳಿದಳು.

"ಗೊತ್ತೈತೆ ಬಿಡವ್ವ. ಅವತ್ತೇ ಕೈಗೆ ಹತ್ತಿತಲ್ಲ" ಎಂದಳು.

ನನಗೆ ಅಳುವೇ ಬಂದುಬಿಟ್ಟಿತು. ಇಂಥ ದೊಡ್ಡ ಮನಸ್ಸಿನವಳ ಮನೆಗೆ ಸೊಸೆಯಾಗಿ ಬರುತ್ತಿದ್ದೇನಲ್ಲ ಎಂದು. ಅವಳ ಕಾಲು ಮುಟ್ಟಲು ಬಗ್ಗಿದೆ. ಅವಳು ಕಾಲು ಎಳೆದುಕೊಂಡಳು.

"ನೀನು ಬಾಯಿ ಬಿಟ್ಟೀಯ, ನಾನೂ ಬಿಡ್ತೀನಿ. ಅವತ್ತು ನಿಮ್ಮನೇಗೆ ಹೇಳ್ಬಿಡಾಣ ಅಂತ್ಲೇ ಬಂದಿದ್ದೆ. ನಮ್ಮ ಹುಡುಗುಂದು ಎರಡ್ನೇ ಮದುವೆ ಕಣವ್ವ. ಆಂಧ್ರದಾಗಿದ್ದಾಗ ಒಂದಾಗಿತ್ತು, ಆಕಿ ತೀರಿ ಹೋಗಿ ಐದು ವರ್ಷ ಆತು. ಅವ್ನಿಗೀಗ ಮೂವತ್ತೆಂಟು. ಬಾಯಿ ತುದೀಗೆ ಬಂದಿತ್ತು ಮಾತು. ನಿನ್ನ ಜಡೆ ಬಿಚ್ಚಿದೆ, ಕೈ ಕಪ್ಪಾತು. ಓಹೋ, ಇವ್ರೂ ವಯಸ್ಸಾದೋಳ್ನ ಬಣ್ಣ ಹಚ್ಚಿ ಕುಂಡ್ರಿಸವ್ರೆ, ಇವ್ರದು ಇವ್ರಿಗೆ, ನಮ್ದು ನಮಗೆ, ಸರಿಗೆ ಸರಿ ಹೋತು ಅಂತ ಬಾಯಿ ಮುಚ್ಕಂಡೆ."

ನಾನು ಬಗ್ಗಿದವಳು ಹಾಗೆಯೇ ನೆಲದ ಮೇಲೆ ಕೂತೆ. ಮೂವತ್ತೆಂಟು. ಆ ಕಾಡಿಗೆ ಕಪ್ಪು ಕೂದಲಿಗೆ ಮೂವತ್ತೆಂಟು. ಅವನು ಯಾವ ಪುಡಿಯನ್ನೂ ಹಚ್ಚುತ್ತಿರಲಿಲ್ಲ, ಅದು ಅವನ ಹುಟ್ಟು ಬಣ್ಣ. ಒಂದು ತಲೆ ಮೂವತ್ತೆಂಟನ್ನು ಇಪ್ಪತ್ತೊಂಬತ್ತು ಮಾಡಿ ತೋರಿಸಿತ್ತು, ಇನ್ನೊಂದು ಇಪ್ಪತ್ಮೂರನ್ನು ನಲವತ್ತರ ಹತ್ತಿರ ಒಯ್ದಿತ್ತು. ಕೂದಲು ನಂಬಿ ಇಬ್ಬರ ಮನೆಯವರೂ ಮದುವೆ ಕುದುರಿಸಿದ್ದರು.

"ನಿನಗೆಷ್ಟವ್ವ, ನಿಜ ಹೇಳು" ಎಂದಳು ಅಜ್ಜಿ. "ಮೂವತ್ತೈದಾ?"

"ಇಪ್ಪತ್ಮೂರು ಅಜ್ಜಿ."

ಅವಳು ನಂಬಲಿಲ್ಲ. ಅಂಕಪಟ್ಟಿ ತೆಗೆದುಕೊಟ್ಟರೆ ತಿರುಗಿಸಿ ಮುರುಗಿಸಿ ನೋಡಿದಳು, ಅವಳಿಗೆ ಓದು ಬರುತ್ತಿರಲಿಲ್ಲ. ಹುಡುಗ ಬರುವವರೆಗೆ ಅದನ್ನು ಕೈಯಲ್ಲೇ ಹಿಡಿದುಕೊಂಡಿದ್ದಳು. ಅವನು ಬಂದು, ನನ್ನನ್ನು ನೋಡಿ ನಿಂತು, ಅಜ್ಜಿ ಕೊಟ್ಟ ಕಾಗದವನ್ನು ಓದಿದ. ಎರಡು ಸಲ ಓದಿದ. ಇಪ್ಪತ್ಮೂರು ಎಂದು ಅವನು ಹೇಳಿದ ಕೂಡಲೇ ಮುದುಕಿ ಹಣೆ ಚಚ್ಚಿಕೊಂಡಳು. ಇದು ಗೊತ್ತಿದ್ದರೆ ಅವತ್ತೇ ಎಲ್ಲ ಹೇಳಿ ಎದ್ದು ಬರುತ್ತಿದ್ದೆ, ನನ್ನ ಮೊಮ್ಮಗಳ ವಯಸ್ಸಿನ ಕೂಸಿಗೆ ಇಂಥ ಮೋಸ ಮಾಡುತ್ತಿರಲಿಲ್ಲ ಎಂದು ನನಗೂ ಅವನಿಗೂ ಸೇರಿಸಿ ಬಯ್ದಳು.

ಯಾಕೆ ಹೇಳಲಿಲ್ಲ ಎಂದು ನಾನು ಅವನನ್ನು ಕೇಳಿದೆ. ದನಿ ಏರಿತ್ತು. ಅವನು ಏರಿಸಲಿಲ್ಲ.

"ನೀವೂ ಹೇಳ್ಲಿಲ್ವಲ್ಲ" ಎಂದ.

ನನ್ನದು ಕೂದಲು, ನಿನ್ನದು ಒಂದು ಸಂಸಾರ, ಎರಡೂ ಒಂದೇ ಅಲ್ಲ ಎಂಬ ಉತ್ತರ ವಾಪಸು ಬರುವ ದಾರಿಯಲ್ಲಿ ಹೊಳೆಯಿತು. ಅಷ್ಟು ಹೊತ್ತಿಗೆ ಬಸ್ಸು ಊರು ದಾಟಿತ್ತು. ಅಲ್ಲಿ ಕೂತಾಗ ಹೊಳೆದದ್ದು ಒಂದೇ. ಈ ಮುದುಕಿ ನಿಜ ಹೇಳಲು ನಮ್ಮ ಮನೆಗೆ ಬಂದಿದ್ದಳು. ನಿಜ ಅವಳ ನಾಲಿಗೆಯ ಮೇಲಿತ್ತು. ಅದನ್ನು ತಡೆದದ್ದು ನನ್ನ ತಲೆಗೆ ಹಚ್ಚಿದ ಬಣ್ಣ. ಈಗ ಇಬ್ಬರದೂ ತಿಳಿಯಿತಲ್ಲ, ನೀವು ಒಪ್ಪಿದರೆ ನನಗೆ ಅಡ್ಡಿಯಿಲ್ಲ ಎಂದು ಅವನು ತಗ್ಗಿದ ದನಿಯಲ್ಲಿ ಹೇಳಿದ. ಕೆಟ್ಟವನಲ್ಲ. ಬೇಡ ಎಂದೆ. ಅಜ್ಜಿ, "ಬ್ಯಾಡ ಅಂದಿದ್ದೇ ಸರಿ" ಎಂದು ಅಂಕಪಟ್ಟಿಯನ್ನು ಮಡಿಚಿ ನನ್ನ ಚೀಲಕ್ಕೆ ತಾನೇ ಹಾಕಿದಳು.

ಮನೆಗೆ ಬಂದು ಹೇಳಿದಾಗ ಅವ್ವ ಬೆಚ್ಚಿಬೀಳುತ್ತಾಳೆ ಎಂದುಕೊಂಡಿದ್ದೆ. ಬೆಚ್ಚಿದಳು, ಆದರೆ ನಾನು ಬೇಡ ಎಂದದ್ದಕ್ಕೆ. ಎರಡನೇದಾದರೇನು, ಸತ್ತವಳು ಬಂದು ಕಾಡುತ್ತಾಳಾ, ಸರ್ಕಾರಿ ಕೆಲಸ ಇದೆ, ತಲೆ ನೆರೆತವಳಿಗೆ ಇದಕ್ಕಿಂತ ಒಳ್ಳೆಯದು ಸಿಗುತ್ತದಾ ಎಂದು ಅತ್ತಳು. ಹೆತ್ತ ತಾಯಿ ನನ್ನ ಬೆಲೆಯನ್ನು ಹೀಗೆ ಕಟ್ಟಿದ್ದಾಳೆ ಎಂದು ತಿಳಿದದ್ದು ಅವತ್ತು. ಹಿರಿಯೂರಿನಲ್ಲಿ ಕೇಳಿದ್ದಕ್ಕಿಂತ ಇದು ಆಳಕ್ಕೆ ಇಳಿಯಿತು. ಕೂಗಾಡಿದೆ. ಆಮೇಲೆ ಇಬ್ಬರೂ ಊಟ ಮಾಡದೆ ಮಲಗಿದೆವು. ಅವಳ ತಪ್ಪೂ ಅಲ್ಲ. ಅವಳಿಗೆ ಊರಿನ ಕಣ್ಣುಗಳು ಗೊತ್ತಿದ್ದವು, ಬೇರೆ ಕಣ್ಣುಗಳು ಇವೆ ಎಂದು ಯಾರೂ ತೋರಿಸಿರಲಿಲ್ಲ.

ಬಣ್ಣ ಬಿಟ್ಟೆ ಎಂದ ಮಾತ್ರಕ್ಕೆ ಅದು ನಮ್ಮನ್ನು ಬಿಡುವುದಿಲ್ಲ. ಹಳೆಯದು ಕೆಳಗಿಳಿದು ಹೋಗಬೇಕಾದರೆ ಕೂದಲು ಬೆಳೆಯಬೇಕು. ತಿಂಗಳಿಗೊಮ್ಮೆ ತುದಿ ಒಂದೆರಡು ಅಂಗುಲ ಕತ್ತರಿಸುತ್ತ ಬಂದೆ. ಮೊಳದುದ್ದದ ಜಡೆ ಹೆಗಲಿಗೆ ಬಂತು. ಒಂದು ವರ್ಷ ಮೂರು ಬಣ್ಣದ ತಲೆ ಹೊತ್ತು ಬಾಗೂರಿಗೆ ಬಸ್ಸಿನಲ್ಲಿ ಓಡಾಡಿದೆ. ಮೊದಲ ತಿಂಗಳು ಮಕ್ಕಳು ಬಾಯಿಬಿಟ್ಟುಕೊಂಡು ನೋಡಿದರು, ಎರಡನೆಯ ತಿಂಗಳಿಗೆ ಮರೆತರು. ತಪಾಸಣೆಗೆ ಬಂದ ಇನ್‌ಸ್ಪೆಕ್ಟರು ಹೆಡ್‌ಮಾಸ್ತರರನ್ನು ಬಿಟ್ಟು ನನಗೆ ಮೊದಲು ನಮಸ್ಕಾರ ಹಾಕಿದರು, ಆ ವಾರವಿಡೀ ಹೆಡ್‌ಮಾಸ್ತರರು ನನ್ನ ಜೊತೆ ಮಾತಾಡಲಿಲ್ಲ. ಇದರಲ್ಲಿ ನನಗೆ ಸಂತೋಷವಾಗಲಿಲ್ಲ ಎಂದರೆ ಸುಳ್ಳು. ಹಾಗಂತ ಬಿಳಿ ತಲೆಯನ್ನು ಪ್ರೀತಿಸಲು ಕಲಿತೆ ಎಂದೂ ಹೇಳಲಾರೆ. ಕೆಲವು ಬೆಳಿಗ್ಗೆ ಕನ್ನಡಿ ನೋಡದೆಯೇ ಬಾಚಿಕೊಂಡು ಹೋಗುತ್ತಿದ್ದೆ.

ಮರುವರ್ಷ ಹೊಳಲ್ಕೆರೆಯಿಂದ ಒಂದು ಸಂಬಂಧ ಬಂತು. ಅವ್ವ ಸೆರಗು ಹೊದ್ದುಕೋ ಎಂದು ಬೇಡಿಕೊಂಡಳು. ನಾನು ಬಂದವರ ಎದುರು ಕೂತು, ಬಂದ ಹಿರಿಯ ಹೆಂಗಸು ಕೋಣೆಗೆ ಕರೆಯುವ ಮೊದಲೇ ನಡುಮನೆಯಲ್ಲಿ ಎಲ್ಲರ ಮುಂದೆ ಜಡೆ ಬಿಚ್ಚಿದೆ. ನನಗೆ ಇಪ್ಪತ್ನಾಲ್ಕು, ಇದು ವಂಶದಿಂದ ಬಂದದ್ದು, ಬಣ್ಣ ಹಚ್ಚಿದರೆ ಮೈಗೆ ಆಗುವುದಿಲ್ಲ, ಇನ್ನು ಹಚ್ಚುವುದೂ ಇಲ್ಲ, ನಿಮ್ಮ ಕಡೆ ಹೇಳುವುದೇನಾದರೂ ಇದ್ದರೆ ಹೇಳಿ ಎಂದೆ. ಹುಡುಗಿ ಹೀಗೆ ಮಾತಾಡುವುದನ್ನು ಅವರು ಕಂಡಿರಲಿಲ್ಲ. ಹುಡುಗನ ತಾಯಿ ನನ್ನ ತಲೆ ನೋಡಿದಳು, ಗಂಡನ ಮುಖ ನೋಡಿದಳು. ಬಸ್ಸಿಗೆ ಹೊತ್ತಾಯಿತು ಎಂದು ಕಾಫಿ ಲೋಟ ಅರ್ಧಕ್ಕೇ ಇಟ್ಟು ಎದ್ದರು. ಬಸ್ಸು ಇದ್ದದ್ದು ಇನ್ನೂ ಎರಡು ಗಂಟೆಯ ನಂತರ.

ಅವರು ಬೀದಿ ತಿರುಗುವವರೆಗೆ ಬಾಗಿಲಲ್ಲಿ ನಿಂತು ನೋಡಿದೆ. ಒಳಗೆ ಬಂದು ಅತ್ತೆ, ಸರಿಯಾಗಿಯೇ ಅತ್ತೆ. ಅವ್ವ ಪಕ್ಕದಲ್ಲಿ ಬಂದು ಕೂತು, ನೀನು ಅವರಿಗೆ ನಿಜ ಹೇಳಿದ್ದಕ್ಕೇ ಹೀಗಾಯಿತು ನೋಡು ಎಂದಳು. ಹೌದವ್ವ, ನಿಜ ನೋಡಿಯೇ ಬೇಡ ಅಂದರು, ಇಷ್ಟು ದಿನದಲ್ಲಿ ನನ್ನನ್ನು ನೋಡಿ ಬೇಡ ಅಂದವರು ಇವರೇ ಮೊದಲು ಎಂದೆ. ಅವಳಿಗೆ ಅರ್ಥವಾಯಿತೋ ಇಲ್ಲವೋ, ಅವರು ಬಿಟ್ಟುಹೋದ ಕಾಫಿಯನ್ನು ಬಿಸಿಮಾಡಿ ತಂದು ಇಬ್ಬರಿಗೂ ಹಂಚಿದಳು.